‘ಸಾಬೀತುಪಡಿಸಿದರು’ ಎಂದು ಬರೆಯುವ ಮುನ್ನ

‘1953ರಲ್ಲಿ ವಾಟ್ಸನ್ ಮತ್ತು ಕ್ರಿಕ್, ಡಿಎನ್‌ಎ ಹೇಗೆ ನಕಲಾಗುತ್ತದೆ ಎಂಬುದನ್ನು ಸಾಬೀತುಪಡಿಸಿದರು.’

ವಿಜ್ಞಾನದ ಪ್ರಬಂಧದಲ್ಲಿ ಇಂಥ ವಾಕ್ಯ ಸಲೀಸಾಗಿ ಬಂದುಬಿಡುತ್ತದೆ. ಹೆಸರು ಸರಿ, ಇಸವಿ ಸರಿ, ವಿಷಯವೂ ಸರಿ. ತಪ್ಪಿರುವುದು ಕೊನೆಯ ಕ್ರಿಯಾಪದ. ನಕಲಿನ ಬಗ್ಗೆ ಅವರಿಬ್ಬರೂ ಆ ವರ್ಷ ಏನನ್ನೂ ಸಾಬೀತುಪಡಿಸಲಿಲ್ಲ, ಸಾಬೀತುಪಡಿಸಿದ್ದೇವೆ ಎಂದು ಹೇಳಿಕೊಳ್ಳಲೂ ಇಲ್ಲ. ಬರೆದವರು ತೋರಿದ ಎಚ್ಚರವನ್ನು ಉಲ್ಲೇಖಿಸಿದವರು ಅಳಿಸಿಹಾಕಿದ್ದಾರೆ. ಈ ಒಂದು ವಾಕ್ಯವನ್ನೇ ಹಂತಹಂತವಾಗಿ ತಿದ್ದುತ್ತಾ ಹೋಗೋಣ.

ಮೊದಲು ಮೂಲದವರ ಕ್ರಿಯಾಪದಕ್ಕೆ ಗೆರೆ ಎಳೆಯಿರಿ

ಮೂಲ ಲೇಖನವನ್ನು ತೆರೆದು, ನೀವು ಉಲ್ಲೇಖಿಸಬೇಕೆಂದಿರುವ ವಾಕ್ಯವನ್ನೇ ಹುಡುಕಿ. ಸಾರಾಂಶ ನೋಡಿದರೆ ಸಾಲದು. ವಾಟ್ಸನ್ ಮತ್ತು ಕ್ರಿಕ್ ಅವರ ಪುಟ್ಟ ಲೇಖನ ‘ನೇಚರ್’ ಪತ್ರಿಕೆಯಲ್ಲಿ 1953ರ ಏಪ್ರಿಲ್ 25ರಂದು ಬಂತು. ಅದರ ಮೊದಲ ವಾಕ್ಯವೇ ಡಿಎನ್‌ಎಗೆ ‘ಒಂದು ರಚನೆಯನ್ನು ಸೂಚಿಸಲು ಬಯಸುತ್ತೇವೆ’ ಎನ್ನುತ್ತದೆ. ಮುಂದೆ, ಹೆಚ್ಚು ನಿಖರವಾದ ಫಲಿತಾಂಶಗಳೊಂದಿಗೆ ಹೋಲಿಸಿ ನೋಡುವವರೆಗೂ ಈ ರಚನೆ ಸಾಬೀತಾಗಿಲ್ಲವೆಂದೇ ಎಣಿಸಬೇಕು ಎಂದು ಅವರೇ ಬರೆಯುತ್ತಾರೆ. ನಕಲಾಗುವ ಬಗ್ಗೆ ಇರುವುದು ಕೊನೆಯ ಭಾಗದಲ್ಲಿ ಒಂದೇ ಒಂದು ವಾಕ್ಯ: ನಾವು ಊಹಿಸಿಕೊಂಡಿರುವ ಈ ಜೋಡಣೆಯು ಆನುವಂಶಿಕ ವಸ್ತು ನಕಲಾಗುವ ಒಂದು ಸಂಭವನೀಯ ವಿಧಾನವನ್ನು ಒಡನೆಯೇ ಸೂಚಿಸುತ್ತದೆ ಎಂಬುದು ನಮ್ಮ ಗಮನಕ್ಕೆ ಬಾರದೆ ಹೋಗಿಲ್ಲ.

ಪೆನ್ಸಿಲ್ ಹಿಡಿದು ನೋಡಿ. ‘ಊಹಿಸಿಕೊಂಡಿರುವ’, ‘ಸಂಭವನೀಯ’, ‘ಸೂಚಿಸುತ್ತದೆ’ ಎಂದು ಒಂದೇ ವಾಕ್ಯದಲ್ಲಿ ಮೂರು ಕಡೆ ಹಿಡಿತವಿದೆ. ಇದನ್ನು ಎತ್ತಿಕೊಂಡು ‘ಸಾಬೀತುಪಡಿಸಿದರು’ ಎಂದರೆ ಮೂರನ್ನೂ ಬಿಟ್ಟಂತಾಯಿತು. ‘ಪ್ರತಿಪಾದಿಸಿದರು’ ಎಂದರೂ ಹೆಚ್ಚಾಗುತ್ತದೆ, ಏಕೆಂದರೆ ಪ್ರತಿಪಾದಿಸುವವರು ಕಾರಣ ಕೊಟ್ಟು, ತಮ್ಮ ನಿಲುವಿಗೆ ಅಂಟಿಕೊಂಡು ವಾದ ಕಟ್ಟುತ್ತಾರೆ. ಇಲ್ಲಿ ಅಂಥ ವಾದವಿಲ್ಲ. ಇಲ್ಲಿಗೆ ಹೊಂದುವ ಪದ ‘ಸೂಚಿಸಿದರು’.

ಆಮೇಲೆ, ಅವರ ಕೈಯಲ್ಲಿ ಏನಿತ್ತು ಎಂದು ಕೇಳಿ

ಮೂಲದವರು ಎಷ್ಟು ಗಟ್ಟಿಯಾಗಿ ಹೇಳಿದರು ಎಂಬುದು ಒಂದು ಪ್ರಶ್ನೆ, ಹೇಳಲು ಅವರಲ್ಲಿ ಯಾವ ಆಧಾರವಿತ್ತು ಎಂಬುದು ಇನ್ನೊಂದು. ಎರಡೂ ಹೊಂದಿದರೆ ತೊಂದರೆಯಿಲ್ಲ. ದನಿ ದೊಡ್ಡದಾಗಿದ್ದು ಆಧಾರ ಕಾಣದಿದ್ದರೆ ಕನ್ನಡದಲ್ಲಿ ‘ಹೇಳಿಕೊಂಡಿದ್ದಾರೆ’ ಎನ್ನುವ ಸೊಗಸಾದ ಪದವಿದೆ. ಆದರೆ ‘ಹೇಳಿದ್ದಾರೆ’ ಎನ್ನುವುದಕ್ಕೆ ‘ಕೊಂಡು’ ಸೇರಿದ ಕೂಡಲೇ ಬರೆಯುವವರ ಅನುಮಾನವೂ ಸೇರಿಕೊಳ್ಳುತ್ತದೆ. ಅನುಮಾನಕ್ಕೆ ಕಾರಣವನ್ನು ಮುಂದಿನ ವಾಕ್ಯದಲ್ಲಿ ಕೊಡಲು ಆಗದಿದ್ದರೆ ಆ ಪದವನ್ನು ಮುಟ್ಟಬೇಡಿ.

‘ತೋರಿಸಿಕೊಟ್ಟರು’ ಎನ್ನಲು ಪ್ರಯೋಗವೋ ಲೆಕ್ಕವೋ ದಾಖಲೆಯೋ ಮುಂದಿರಬೇಕು. ಡಿಎನ್‌ಎ ನಕಲಿನ ವಿಷಯದಲ್ಲಿ ಅದು ಬಂದದ್ದು 1958ರಲ್ಲಿ. ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಇ. ಕೋಲಿ ಬ್ಯಾಕ್ಟೀರಿಯಾವನ್ನು ನೈಟ್ರೋಜನ್-15 ಎಂಬ ಭಾರದ ನೈಟ್ರೋಜನ್‌ನಲ್ಲಿ ಹಲವು ಪೀಳಿಗೆ ಬೆಳೆಸಿ, ಆಮೇಲೆ ಸಾಮಾನ್ಯ ನೈಟ್ರೋಜನ್‌ಗೆ ಬದಲಾಯಿಸಿದರು. ಡಿಎನ್‌ಎಯನ್ನು ಸೀಸಿಯಮ್ ಕ್ಲೋರೈಡ್ ದ್ರಾವಣದಲ್ಲಿ ಅತಿವೇಗವಾಗಿ ತಿರುಗಿಸಿ, ಅದು ಎಷ್ಟು ಭಾರಕ್ಕೆ ನಿಲ್ಲುತ್ತದೆಂದು ನೋಡಿದರು. ಒಂದು ಪೀಳಿಗೆಯ ನಂತರ ಇದ್ದ ಡಿಎನ್‌ಎ ಎಲ್ಲವೂ ನಡುವಿನ ತೂಕದ್ದು. ಎರಡನೆಯ ಪೀಳಿಗೆಗೆ ಅರ್ಧ ನಡುತೂಕ, ಅರ್ಧ ಹಗುರ. ಇಂಥದ್ದಕ್ಕೆ ‘ಅಭಿಪ್ರಾಯಪಟ್ಟರು’ ಎಂದು ಬರೆದರೆ ಅದೂ ಅನ್ಯಾಯವೇ. ಬಲವನ್ನು ಇಳಿಸಿ ಬರೆಯುವುದು ವಿನಯದಂತೆ ಕಂಡರೂ ಓದುಗರಿಗೆ ಅಷ್ಟೇ ತಪ್ಪು ಮಾಹಿತಿ ಕೊಡುತ್ತದೆ.

ಹಾಗಾದರೆ ಇವರು ತೋರಿಸಿಕೊಟ್ಟದ್ದು ಏನನ್ನು? ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಹಂತ ಇದೇ. ಡಿಎನ್‌ಎಯ ನೈಟ್ರೋಜನ್ ಎರಡು ಉಪಘಟಕಗಳಲ್ಲಿ ಸಮನಾಗಿ ಹಂಚಿಕೆಯಾಗಿದೆ, ಆ ಉಪಘಟಕಗಳು ಹಲವು ಪೀಳಿಗೆ ಒಡೆಯದೆ ಉಳಿಯುತ್ತವೆ, ಪ್ರತಿ ಮರಿ ಅಣುವಿಗೂ ಒಂದೊಂದು ಹೋಗುತ್ತದೆ ಎನ್ನುವುದು ಅವರ ತೀರ್ಮಾನ. ಇದು ವಾಟ್ಸನ್-ಕ್ರಿಕ್ ಮಾದರಿಯ ನಿರೀಕ್ಷೆಗೆ ಕರಾರುವಾಕ್ಕಾಗಿ ಹೊಂದುತ್ತದೆ ಎಂದೂ ಬರೆದರು. ಅದರ ಬೆನ್ನಿಗೇ, ಆ ಉಪಘಟಕಗಳು ಆ ಮಾದರಿಯ ಒಂಟಿ ಎಳೆಗಳೇ ಎಂದು ತಾವು ತೋರಿಸಿಲ್ಲ ಎಂದು ಒತ್ತಿ ಹೇಳಿದರು. ಅಂದರೆ ಒಂದೇ ಲೇಖನದೊಳಗೆ ಒಂದು ಮಾತಿಗೆ ‘ತೋರಿಸಿಕೊಟ್ಟರು’, ಇನ್ನೊಂದಕ್ಕೆ ‘ಹೊಂದುತ್ತದೆ ಎಂದರು’, ಮತ್ತೊಂದಕ್ಕೆ ‘ತೋರಿಸಿಲ್ಲವೆಂದು ಎಚ್ಚರಿಸಿದರು’. ಕ್ರಿಯಾಪದವನ್ನು ಲೇಖನಕ್ಕೆ ಒಟ್ಟಾಗಿ ಆರಿಸಲು ಬರುವುದಿಲ್ಲ, ಒಂದೊಂದು ಮಾತಿಗೂ ಬೇರೆಯಾಗಿ ಆರಿಸಬೇಕು.

‘ಎಂದು’ ಮತ್ತು ‘ಎಂಬುದನ್ನು’

ಕ್ರಿಯಾಪದ ಸರಿಯಾದರೂ ಅದರ ಹಿಂದಿನ ಪದ ಕೈಕೊಡಬಹುದು. ‘ಈ ಔಷಧ ಅಪಾಯಕಾರಿ ಎಂದು ವಿವರಿಸಿದರು’ ಎಂದಾಗ ಮಾತು ಅವರದು. ‘ಅಪಾಯಕಾರಿ ಎಂಬುದನ್ನು ವಿವರಿಸಿದರು’ ಎಂದಾಗ ಅಪಾಯ ಇದ್ದೇ ಇದೆ ಎಂದು ನೀವೂ ಸಹಿ ಹಾಕಿದಂತಾಯಿತು. ‘ಒಪ್ಪಿಕೊಂಡರು’, ‘ಬಹಿರಂಗಪಡಿಸಿದರು’, ‘ಮನಗಾಣಿಸಿದರು’ ಕೂಡ ಇದೇ ಗುಂಪಿನವು. ಪರೀಕ್ಷೆ ಸುಲಭ. ಮೂಲದವರ ಮಾತು ನಾಳೆ ತಪ್ಪೆಂದು ಗೊತ್ತಾದರೆ ನನ್ನ ವಾಕ್ಯವೂ ಸುಳ್ಳಾಗುತ್ತದೆಯೇ ಎಂದು ಕೇಳಿಕೊಳ್ಳಿ. ‘ವಾದಿಸಿದರು’ ಎಂದಿದ್ದರೆ ಆಗುವುದಿಲ್ಲ, ವಾದಿಸಿದ್ದಂತೂ ನಿಜ. ‘ಎಂಬುದನ್ನು ತೋರಿಸಿದರು’ ಎಂದಿದ್ದರೆ ಆಗುತ್ತದೆ. ಆ ಹೊಣೆ ಹೊರಲು ನೀವು ಸಿದ್ಧರಿದ್ದರೆ ಮಾತ್ರ ಬಳಸಿ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಉದ್ದನೆಯ ವಾಕ್ಯವಾದರೆ ಓದುಗರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಾತನ್ನು ನಂಬಿಯೇ ಬಿಟ್ಟಿರುತ್ತಾರೆ. ಆದ್ದರಿಂದ ಯಾರ ಮಾತು ಎಂಬುದನ್ನು ಮೊದಲಿಗೇ ತನ್ನಿ, ಊಹೆಯಾಗಿದ್ದರೆ ‘ಬಹುದು’ ಎಂಬುದನ್ನು ವಾಕ್ಯದೊಳಗೇ ಸೇರಿಸಿ.

ಇನ್ನು, ‘ಹೇಳಿದ್ದಾರೆ’ ಮೂರು ಸಲ ಬಂತೆಂದು ನಾಲ್ಕನೆಯದನ್ನು ‘ಸ್ಪಷ್ಟಪಡಿಸಿದ್ದಾರೆ’ ಎಂದು ಬದಲಾಯಿಸುವ ಅಭ್ಯಾಸ ಬಿಡಿ. ಪದ ಬದಲಾದರೆ ಬಲವೂ ಬದಲಾಗುತ್ತದೆ. ‘ಹೇಳಿದ್ದಾರೆ’ ಎಷ್ಟು ಸಲ ಬಂದರೂ ಓದುಗರಿಗೆ ತೊಂದರೆಯಾಗದು. ‘ಎನ್ನಲಾಗಿದೆ’ ಮಾತ್ರ ಬೇಡವೇ ಬೇಡ, ಅದರಲ್ಲಿ ಹೇಳಿದವರೇ ಮಾಯವಾಗುತ್ತಾರೆ.

ಈಗ ಮೊದಲಿನ ವಾಕ್ಯ ಹೀಗಾಗುತ್ತದೆ: ‘ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ, ತಾವು ಮುಂದಿಟ್ಟ ರಚನೆಯೇ ಡಿಎನ್‌ಎ ನಕಲಾಗುವ ವಿಧಾನಕ್ಕೆ ದಾರಿಯಾಗಿರಬಹುದು ಎಂದು ಸೂಚಿಸಿದರು. ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ, ಹಳೆಯ ಡಿಎನ್‌ಎಯ ಎರಡು ಭಾಗಗಳು ಒಡೆಯದೆ ಒಂದೊಂದು ಮರಿ ಅಣುವಿಗೆ ಹೋಗುತ್ತವೆ ಎಂಬುದನ್ನು ಇ. ಕೋಲಿಯಲ್ಲಿ ತೋರಿಸಿಕೊಟ್ಟರು, ಇದು ಆ ಸೂಚನೆಗೆ ಹೊಂದುತ್ತದೆ ಎಂದರು.’

ಉದ್ದವಾಯಿತು, ನಿಜ. ಜಾಗ ಕಡಿಮೆಯಿದ್ದರೆ ಎರಡನೆಯ ವಾಕ್ಯವನ್ನು ಬಿಡಬಹುದು, ಮೊದಲನೆಯದರ ‘ಸೂಚಿಸಿದರು’ ಮಾತ್ರ ಹಾಗೇ ಇರಲಿ. ಮೂಲ ಲೇಖನ ಸಿಗದೆ ಪಠ್ಯಪುಸ್ತಕವನ್ನಷ್ಟೇ ಓದಿದ್ದರೆ ವಾಟ್ಸನ್ ಮತ್ತು ಕ್ರಿಕ್ ಅವರ ಬಾಯಿಗೆ ಕ್ರಿಯಾಪದ ಇಡಬೇಡಿ. ಪಠ್ಯಪುಸ್ತಕದ ಹೆಸರು ಹೇಳಿ, ‘ಅದರ ಪ್ರಕಾರ’ ಎಂದು ಬರೆಯಿರಿ.