ಕಬ್ಬಿನ ಬಾಕಿಗೆ ಮನವಿ: ಪುಟಗಟ್ಟಲೆ ಬರೆಯುವ ಬದಲು ದಿನಾಂಕದ ಪಟ್ಟಿ ಮಾಡಿ

ಕಬ್ಬಿನ ಹಣ ಬಂದಿಲ್ಲ ಎಂದು ಮನವಿ ಬರೆಯಲು ಕೂತರೆ ಎಲ್ಲವೂ ಒಟ್ಟಿಗೆ ನೆನಪಾಗುತ್ತದೆ. ಕೈ ಓಡಿದಂತೆ ಬರೆಯುತ್ತೇವೆ: "ಸಂಕ್ರಾಂತಿಗೆ ಮುಂಚೆ ಕಬ್ಬು ಹಾಕಿದೆವು, ಹದಿನೈದು ದಿನಕ್ಕೆ ದುಡ್ಡು ಅಂದರು, ಎಷ್ಟು ಸಲ ಅಲೆದರೂ ನಾಳೆ ಬನ್ನಿ ಅಂದರು, ಆಮೇಲೆ ಅರ್ಧ ಹಾಕಿದರು, ಮಿಕ್ಕಿದ್ದು ಕೇಳಿದರೆ ಉತ್ತರವೇ ಇಲ್ಲ, ಮಗಳ ಫೀಸಿಗೆ ಸಾಲ ಮಾಡಿದೆ..." ಹೀಗೆ ಮೂರು ಪುಟ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಅರ್ಜಿ ನೋಡುವ ಗುಮಾಸ್ತರಿಗೆ ಬೇಕಾದ್ದು ನಾಲ್ಕೇ ಸಂಗತಿ. ಕಬ್ಬು ಕೊಟ್ಟಿದ್ದು ಯಾವತ್ತು, ಹಣ ಬರಬೇಕಾಗಿದ್ದು ಯಾವತ್ತು, ಬಂದಿದ್ದು ಎಷ್ಟು, ಇದಕ್ಕೆಲ್ಲ ದಾಖಲೆ ಏನು. ಮೂರು ಪುಟದಲ್ಲಿ ಅವನ್ನು ಹುಡುಕಬೇಕಾದರೆ ಅರ್ಜಿ ಪಕ್ಕಕ್ಕೆ ಹೋಗುತ್ತದೆ. ಅದೇ ಸಂಗತಿ ದಿನಾಂಕದ ಪಟ್ಟಿಯಲ್ಲಿದ್ದರೆ ಒಂದೇ ನೋಟಕ್ಕೆ ಸಿಗುತ್ತದೆ.

ಮಂಡ್ಯ ತಾಲ್ಲೂಕಿನ ಒಬ್ಬ ರೈತರ ಬಾಕಿ ಎಂದುಕೊಂಡು ಒಂದು ಪಟ್ಟಿ ಕಟ್ಟೋಣ. ಕಟಾವು, ಸಾಗಣೆ ಕಳೆದು ಅವರಿಗೆ ಸಿಗಬೇಕಾದ್ದು 1,20,000 ರೂಪಾಯಿ.

ಮೊದಲು ಕಾಗದ, ಆಮೇಲೆ ಪೆನ್ನು

ತೂಕದ ಚೀಟಿ, ಬಿಲ್, ಬ್ಯಾಂಕ್ ಪಾಸ್‌ಬುಕ್, ಅಂಚೆ ರಸೀದಿ, ಫೋನಿಗೆ ಬಂದ ಮೆಸೇಜು, ಎಲ್ಲವನ್ನೂ ಚಾಪೆಯ ಮೇಲೆ ಹರಡಿ. ದಿನಾಂಕದ ಪ್ರಕಾರ ಜೋಡಿಸಿ, ಪ್ರತಿಯೊಂದರ ಮೂಲೆಯಲ್ಲಿ ಪೆನ್ಸಿಲ್‌ನಿಂದ 1, 2, 3 ಎಂದು ಬರೆಯಿರಿ. ಮೆಷಿನ್‌ನಿಂದ ಬರುವ ತೂಕದ ಚೀಟಿಯ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗಬಹುದು. ಅದನ್ನು ಇವತ್ತೇ ಜೆರಾಕ್ಸ್ ಮಾಡಿಸಿ.

ದಿನಾಂಕವನ್ನು ಕಾಗದ ನೋಡಿಯೇ ಬರೆಯಬೇಕು. ನೆನಪು ಮೋಸ ಮಾಡುತ್ತದೆ. ಕಾಗದ ಇಲ್ಲದ ಸಂಗತಿಗಳೂ ಇರುತ್ತವೆ ಅಲ್ವಾ? ನಮ್ಮ ಕಡೆ ಹಬ್ಬದಿಂದ ಲೆಕ್ಕ ಹಿಡಿಯುವುದು ರೂಢಿ. "ಶಿವರಾತ್ರಿ ಹಿಂದಿನ ದಿನ ಕಾರ್ಖಾನೆಗೆ ಹೋಗಿದ್ದೆ" ಎಂದು ಖಚಿತವಾಗಿ ನೆನಪಿದ್ದರೆ ಕ್ಯಾಲೆಂಡರ್ ನೋಡಿ. 2025ರ ಶಿವರಾತ್ರಿ ಫೆಬ್ರವರಿ 26ಕ್ಕೆ, ಹಾಗಾಗಿ ನೀವು ಹೋಗಿದ್ದು 25-02-2025. ಅಷ್ಟೂ ಗೊತ್ತಿಲ್ಲದಿದ್ದರೆ "ಫೆಬ್ರವರಿ ಕೊನೆಯ ವಾರ, ಸುಮಾರು" ಎಂದೇ ಬರೆಯಿರಿ. ಊಹೆಯ ದಿನಾಂಕವನ್ನು ಖಚಿತ ಎಂಬಂತೆ ಹಾಕಬೇಡಿ. ಅದೊಂದು ತಪ್ಪೆಂದು ಗೊತ್ತಾದರೆ ಮಿಕ್ಕ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ನಾಲ್ಕು ಕಾಲಂ ಸಾಕು

ಒಂದು ಸಾಲಿಗೆ ಒಂದೇ ಘಟನೆ. "ಹೋಗಿ ಕೇಳಿದೆ, ಆಮೇಲೆ ಪತ್ರ ಬರೆದೆ" ಎಂದರೆ ಅದು ಎರಡು ಸಾಲು. ಯಾರು ಮಾಡಿದರು ಎನ್ನುವುದು ಪ್ರತಿ ಸಾಲಿನಲ್ಲೂ ಇರಲಿ. "ಭರವಸೆ ನೀಡಲಾಯಿತು" ಎಂದರೆ ಕೊಟ್ಟವರು ಯಾರು ಎಂದು ತಿಳಿಯುವುದಿಲ್ಲ.

| ಕ್ರ.ಸಂ. | ದಿನಾಂಕ | ಏನಾಯಿತು | ದಾಖಲೆ |
|---|---|---|---|
| 1 | 10-01-2025 | ಕಾರ್ಖಾನೆಗೆ ಕಬ್ಬು ಕೊಟ್ಟೆ. ಬರಬೇಕಾದ ಹಣ 1,20,000 ರೂ. | ತೂಕದ ಚೀಟಿ, ಬಿಲ್ (ಪುಟ 1, 2) |
| 2 | 24-01-2025 | 14 ದಿನದ ಗಡುವು ಮುಗಿಯಿತು. ಹಣ ಬರಲಿಲ್ಲ. | ಪಾಸ್‌ಬುಕ್ (ಪುಟ 3) |
| 3 | 25-02-2025 | ಕಾರ್ಖಾನೆಯ ಕಬ್ಬಿನ ವಿಭಾಗಕ್ಕೆ ಹೋಗಿ ಕೇಳಿದೆ. ಮುಂದಿನ ವಾರ ಹಾಕುತ್ತೇವೆ ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. | ಬಾಯಿಮಾತು, ದಾಖಲೆ ಇಲ್ಲ |
| 4 | 20-03-2025 | ಕಾರ್ಖಾನೆ 60,000 ರೂ. ಜಮಾ ಮಾಡಿತು. ಬಾಕಿ 60,000 ರೂ. | ಪಾಸ್‌ಬುಕ್ (ಪುಟ 3) |
| 5 | 25-03-2025 | ಬಾಕಿ ಕೇಳಿ ರಿಜಿಸ್ಟರ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದೆ. | ಪತ್ರದ ಪ್ರತಿ, ರಸೀದಿ (ಪುಟ 4, 5) |
| 6 | 29-03-2025 | ಪತ್ರ ಕಾರ್ಖಾನೆಗೆ ತಲುಪಿತು. | ಸ್ವೀಕೃತಿ ಕಾರ್ಡ್ (ಪುಟ 6) |
| 7 | 15-05-2025 | ಈ ದಿನದವರೆಗೂ ಉತ್ತರ ಇಲ್ಲ, ಬಾಕಿ ಬಂದಿಲ್ಲ. | ಪಾಸ್‌ಬುಕ್ (ಪುಟ 7) |

ಇಲ್ಲಿ 2 ಮತ್ತು 7ನೇ ಸಾಲನ್ನು ಗಮನಿಸಿ. ಆ ಎರಡು ದಿನ ಏನೂ ನಡೆದಿಲ್ಲ. ಪಟ್ಟಿ ಮಾಡುವಾಗ ನಡೆದದ್ದನ್ನು ಎಲ್ಲರೂ ಬರೆಯುತ್ತಾರೆ, ನಡೆಯಬೇಕಾಗಿದ್ದು ನಡೆಯದ ದಿನವನ್ನು ಬಿಟ್ಟುಬಿಡುತ್ತಾರೆ. ಆದರೆ ನಮ್ಮ ದೂರು ಇರುವುದೇ ಅಲ್ಲಿ! 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. 2ನೇ ಸಾಲು ಇಲ್ಲದಿದ್ದರೆ ಪಟ್ಟಿ ಓದಿದವರಿಗೆ ಜನವರಿಯಲ್ಲಿ ಕಬ್ಬು, ಮಾರ್ಚ್‌ನಲ್ಲಿ ಹಣ ಎಂದಷ್ಟೇ ಕಾಣುತ್ತದೆ. ತಪ್ಪು ಯಾವ ದಿನ ಶುರುವಾಯಿತು ಎನ್ನುವುದು ಕಾಣುವುದಿಲ್ಲ. ಅದಕ್ಕೇ ಪ್ರತಿ ಗಡುವಿಗೂ ಒಂದು ಸಾಲು ಕೊಡಿ.

ಒಂದು ಎಚ್ಚರ. ಬೇರೆ ರೀತಿಯ ಲಿಖಿತ ಒಪ್ಪಂದ ಇದ್ದರೆ ಈ 14 ದಿನದ ಲೆಕ್ಕ ಬದಲಾಗುತ್ತದೆ. ಹಂಗಾಮಿನ ಶುರುವಿನಲ್ಲಿ ಕಾರ್ಖಾನೆಗೆ ಸಹಿ ಹಾಕಿಕೊಟ್ಟ ಕಾಗದವನ್ನು ಒಮ್ಮೆ ಓದಿ ನೋಡಿ, ಆಮೇಲೆ 2ನೇ ಸಾಲು ಬರೆಯಿರಿ.

3ನೇ ಸಾಲಿನಲ್ಲಿ "ದಾಖಲೆ ಇಲ್ಲ" ಎಂದು ಬರೆಯಲು ಹಿಂಜರಿಯಬೇಡಿ. ಆ ಖಾನೆಯನ್ನು ಖಾಲಿ ಬಿಟ್ಟರೆ ಕಾಗದ ಕಳೆದುಹೋಗಿದೆಯೇ, ಲಗತ್ತಿಸಲು ಮರೆತಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಜೊತೆಗೆ ಬಂದವರು ಇದ್ದರೆ ಅವರ ಹೆಸರು ಹಾಕಿ. ಆ ದಿನ ಫೋನ್ ಮಾಡಿದ್ದರೆ ಕರೆಯ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ.

ಬಡ್ಡಿ ಪಟ್ಟಿಯ ಕೆಳಗೆ

ಲೆಕ್ಕವನ್ನು ಪಟ್ಟಿಯ ಒಳಗೆ ತುರುಕಬೇಡಿ, ಕೆಳಗೆ ಬೇರೆಯಾಗಿ ತೋರಿಸಿ. ಜನವರಿ 25ರಿಂದ ಮಾರ್ಚ್ 20ರವರೆಗೆ 55 ದಿನ, 1,20,000 ರೂಪಾಯಿಗೆ ಬಡ್ಡಿ 2,712. ಮಾರ್ಚ್ 21ರಿಂದ ಮೇ 15ರವರೆಗೆ 56 ದಿನ, ಉಳಿದ 60,000ಕ್ಕೆ 1,381. ಎರಡೂ ಸೇರಿ 4,093 ರೂಪಾಯಿ. ಅರ್ಧ ಹಣ ಬಂದ ದಿನ ಸರಿಯಾಗಿ ಬರೆದಿದ್ದರಿಂದಲೇ ಈ ಲೆಕ್ಕ ಎರಡು ಭಾಗವಾಗಿ ಸಲೀಸಾಗಿ ಬಂತು. ಪೂರ್ತಿ ಅವಧಿಗೆ 1,20,000ದ ಮೇಲೆ ಬಡ್ಡಿ ಹಾಕಿದರೆ ಕಾರ್ಖಾನೆಯವರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಸಿಟ್ಟು, ಸಂಕಟ, ಮಗಳ ಫೀಸಿಗೆ ಮಾಡಿದ ಸಾಲ, ಇವು ಪಟ್ಟಿಯಲ್ಲಿ ಬೇಡ. ಇವನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. ಮನೆಯ ಕಷ್ಟ ಅಧಿಕಾರಿಗೆ ತಿಳಿಯಲೇಬೇಕು. ಪಟ್ಟಿಯ ಮೇಲಿನ ಪತ್ರದಲ್ಲಿ ಅದಕ್ಕೆ ನಾಲ್ಕು ಸಾಲು ಕೊಡಿ. ಪತ್ರ ಅರ್ಧ ಪುಟ ಸಾಕು: ನೀವು ಯಾರು, ಬಾಕಿ ಎಷ್ಟು, ಏನು ಮಾಡಿಸಿಕೊಡಬೇಕು, "ವಿವರ ಲಗತ್ತಿಸಿದ ಪಟ್ಟಿಯಲ್ಲಿದೆ". ತೂಕದಲ್ಲಿ ಮೋಸವಾಗಿದೆ ಎಂಬ ಇನ್ನೊಂದು ದೂರು ಇದ್ದರೆ ಅದಕ್ಕೆ ಬೇರೆ ಪಟ್ಟಿ, ಬೇರೆ ಅರ್ಜಿ. ಎರಡನ್ನೂ ಬೆರೆಸಿದರೆ ತೂಕದ ತನಿಖೆ ಮುಗಿಯಲಿ ಎಂದು ಹಣದ ವಿಷಯವೂ ನಿಂತುಬಿಡಬಹುದು.

ಕೊಡುವ ಮುಂಚೆ

ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಪಟ್ಟಿ ಕೊಟ್ಟು, ದಿನಾಂಕದ ಕಾಲಂ ಮಾತ್ರ ಓದಲು ಹೇಳಿ. ದೊಡ್ಡ ಅಂತರ ಕಂಡಲ್ಲಿ ಅವರು "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳುತ್ತಾರೆ. ನಮ್ಮ ಪಟ್ಟಿಯಲ್ಲಿ ಮಾರ್ಚ್ 29ರಿಂದ ಮೇ 15ರವರೆಗೆ ಹಾಗೊಂದು ಅಂತರ ಇದೆ. ನಡುವೆ ಹೋಗಿ ಕೇಳಿದ್ದರೆ ಸಾಲು ಸೇರಿಸಿ. ಉತ್ತರಕ್ಕೆ ಕಾಯುತ್ತಿದ್ದರೆ ಹಾಗೆಯೇ ಬರೆಯಿರಿ.

ಪ್ರತಿ ಪುಟಕ್ಕೂ ಸಹಿ ಹಾಕಿ, ಎರಡು ಪ್ರತಿ ಮಾಡಿ. ಅಸಲು ಕಾಗದಗಳು ಮನೆಯಲ್ಲೇ ಇರಲಿ, ಕಚೇರಿಗೆ ಜೆರಾಕ್ಸ್ ಮಾತ್ರ. ಒಂದು ಪ್ರತಿ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ತಲುಪಿದ್ದಕ್ಕೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಮನೆಗೆ ಬಂದ ಮೇಲೆ ಅದೇ ಪಟ್ಟಿಗೆ 8ನೇ ಸಾಲು ಸೇರಿಸಿ: ಮನವಿ ಕೊಟ್ಟ ದಿನ, ಕೊಟ್ಟ ಕಚೇರಿ, ಸೀಲಿನ ಪ್ರತಿ ಪುಟ 8.