ತೊಂಬತ್ತು ಜನ, ಎಂಟುನೂರು ರೂಪಾಯಿ: ಶಾಲಾ ಗ್ರಂಥಾಲಯದ ವಿಡಿಯೊಗೆ ನಾನು ಬರೆದ ಮೂರನೇ ಸ್ಕ್ರಿಪ್ಟ್

ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಶಿಕ್ಷಕಿ. ಗ್ರಂಥಾಲಯಕ್ಕಾಗಿ ಹಣ ಕೇಳುವ ವಿಡಿಯೊಗೆ ನಾನು ಮೂರು ಸಲ ಸ್ಕ್ರಿಪ್ಟ್ ಬರೆದೆ. ಮೂರನೆಯದನ್ನು ಓದಿದಾಗ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಅಧ್ಯಕ್ಷರು, "ಎರಡು ನಿಮಿಷವೂ ಇಲ್ಲವಲ್ಲ ಮಿಸ್, ಇಷ್ಟಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದಿದ್ದರು. ಮೂರು ವಾರಗಳಲ್ಲಿ ಸುಮಾರು 1,10,000 ರೂಪಾಯಿ ಬಂದ ಮೇಲೆ ಅದೇ ಸ್ಕ್ರಿಪ್ಟಿನ ಪ್ರತಿಯನ್ನು ಪಕ್ಕದ ಊರಿನ ಶಾಲೆಗೆ ತಾವೇ ಕೊಂಡೊಯ್ದು ಕೊಟ್ಟವರೂ ಅವರೇ.

ಮೊದಲು ಸೋತದ್ದನ್ನು ಹೇಳುತ್ತೇನೆ. ಮೊದಲ ವಿಡಿಯೊ ಏಳು ನಿಮಿಷದ್ದು. ಶಾಲೆಯ ಇತಿಹಾಸ, ಅಧ್ಯಕ್ಷರ ಮಾತು, ಮುಖ್ಯ ಶಿಕ್ಷಕರ ಮಾತು ಎಲ್ಲವೂ ಅದರಲ್ಲಿದ್ದವು, ಮತ್ತು ಕೊನೆಯಲ್ಲಿ "ದಾನಿಗಳು ಕೈಲಾದಷ್ಟು ನೆರವು ನೀಡಬೇಕೆಂದು ವಿನಂತಿ" ಎಂಬ ಸಾಲಿತ್ತು. ಬಂದದ್ದು ಆರು ಸಾವಿರದ ಆಸುಪಾಸು, ಅದರಲ್ಲಿ ಐದು ಸಾವಿರ ನಮ್ಮ ಶಿಕ್ಷಕರದ್ದೇ. ಎರಡನೆಯದಕ್ಕೆ ಮದುವೆ ವಿಡಿಯೊ ತೆಗೆಯುವವರನ್ನು ಕರೆಸಿ, ಡ್ರೋನ್ ಸೇರಿ ಎಂಟು ಸಾವಿರ ಕೊಟ್ಟೆವು. ಸೋರುವ ಚಾವಣಿ, ಹರಿದ ಚಾಪೆ, ಹಿನ್ನೆಲೆಯಲ್ಲಿ ದುಃಖದ ಕೊಳಲು. ಸಾವಿರಾರು ಜನ ನೋಡಿದರು, "ಅಯ್ಯೋ ಪಾಪ" ಎಂದು ಬರೆದರು, ಆದರೆ ಕೈಗೆ ಬಂದದ್ದು ಹನ್ನೊಂದು ಸಾವಿರ. ಖರ್ಚು ಕಳೆದರೆ ಉಳಿದದ್ದು ಮೂರು ಸಾವಿರ. ಅದಕ್ಕಿಂತ ಹೆಚ್ಚು ನೋವಾದದ್ದು ಒಂದು ಮಗುವಿನ ತಾಯಿ ಬಂದು, ತನ್ನ ಮಗನನ್ನು ಭಿಕ್ಷುಕನಂತೆ ತೋರಿಸಿದ್ದೀರಿ ಎಂದಾಗ. ಅವರ ಮಾತು ಸರಿಯಾಗಿತ್ತು. ಆ ವಿಡಿಯೊವನ್ನು ಅಂದೇ ಅಳಿಸಿದೆವು, ಮತ್ತು ಮುಂದಿನದಕ್ಕೆ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವಿನ ಮುಖವನ್ನೂ ಹಿಡಿಯಲಿಲ್ಲ.

ಮೂರನೇ ಸ್ಕ್ರಿಪ್ಟಿನ ಆರಂಭ ನನಗೆ ಸಿಕ್ಕಿದ್ದು ಪುಸ್ತಕ ವಿತರಣಾ ವಹಿಯಲ್ಲಿ. ಮುಖ್ಯ ಶಿಕ್ಷಕರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿದ್ದ ನೂರನಲವತ್ತರಷ್ಟು ಪುಸ್ತಕಗಳಲ್ಲಿ ಮಕ್ಕಳು ಓದಬಹುದಾದವು ಮೂವತ್ತೂ ಇರಲಿಲ್ಲ. ಉಳಿದವು ಹಳೆಯ ತರಬೇತಿ ಕೈಪಿಡಿಗಳು. ವಹಿ ತಿರುವುತ್ತಿದ್ದಾಗ ಒಂದೇ ಪುಸ್ತಕದ ಮುಂದೆ ಆರನೇ ತರಗತಿಯ ಒಬ್ಬ ಹುಡುಗಿಯ ಹೆಸರು ನಾಲ್ಕು ಸಲ ಕಂಡಿತು. ಅವಳನ್ನು ಕೇಳಿದಾಗ ಬಂದ ಉತ್ತರವನ್ನೇ ಸ್ಕ್ರಿಪ್ಟಿನಲ್ಲಿ ಇಟ್ಟುಕೊಂಡೆ. ಎಡಗಡೆ ದೃಶ್ಯ, ಬಲಗಡೆ ಧ್ವನಿ ಎಂದು ಎರಡು ಕಾಲಂ ಮಾಡಿ ಬರೆದದ್ದರಲ್ಲಿ ಧ್ವನಿಯ ಭಾಗ ಹೆಚ್ಚುಕಡಿಮೆ ಹೀಗಿತ್ತು.

"ಈ ವಹಿಯಲ್ಲಿ ಒಂದೇ ಪುಸ್ತಕದ ಮುಂದೆ ಒಂದೇ ಹೆಸರು ನಾಲ್ಕು ಸಲ ಇದೆ. ಯಾಕೆ ಎಂದು ಕೇಳಿದೆವು. 'ಬೇರೆಯದೆಲ್ಲ ಓದಿ ಆಯ್ತು ಮಿಸ್' ಎಂದಳು. ನಮ್ಮ ಬೀರುವಿನಲ್ಲಿ ಮಕ್ಕಳು ಓದುವ ಪುಸ್ತಕ ಇರುವುದು ಇಷ್ಟೇ. ನಮಗೆ ಒಂಬೈನೂರು ಪುಸ್ತಕ ಬೇಕು. ಹತ್ತು ಪುಸ್ತಕಕ್ಕೆ ಎಂಟುನೂರು ರೂಪಾಯಿ ಆಗುತ್ತದೆ. ತೊಂಬತ್ತು ಜನ ಮನಸ್ಸು ಮಾಡಿದರೆ ಸಾಕು. ನವೆಂಬರ್ 14ರ ಒಳಗೆ, ಈ ವಿಡಿಯೊದ ಕೆಳಗೆ ಬರೆದಿರುವ ಯುಪಿಐ ಐಡಿಗೆ ಎಂಟುನೂರು ರೂಪಾಯಿ ಕಳಿಸಿ. ಕಳಿಸುವಾಗ ನಿಮ್ಮ ಫೋನಿನಲ್ಲಿ ಶಾಲೆಯ ಹೆಸರು ಕಾಣುತ್ತದೆ. ಬೇರೆ ಹೆಸರು ಕಂಡರೆ ಕಳಿಸಬೇಡಿ, ನಮಗೆ ಫೋನ್ ಮಾಡಿ."

ಮೊದಲ ಮಾತಿಗೆ ಕ್ಯಾಮೆರಾ ವಹಿಯ ಮೇಲೆಯೇ ಇರುತ್ತದೆ, ಹುಡುಗಿಯ ಬೆರಳು ಒಂದೊಂದೇ ಸಾಲನ್ನು ಮುಟ್ಟುತ್ತ ಇಳಿಯುತ್ತದೆ, ಹೆಸರಿನ ಮೇಲೆ ಕಾಗದದ ಪಟ್ಟಿ ಇದೆ. ಅವಳ ಮುಖ ಬರುವುದು ನಂತರ, ಅದೂ ಓದುತ್ತಿರುವಾಗ. ನನ್ನ ಲೆಕ್ಕದಲ್ಲಿ ನಿಧಾನವಾಗಿ ಓದಿದರೆ ನಿಮಿಷಕ್ಕೆ ತೊಂಬತ್ತು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಕನ್ನಡದ ಪದಗಳು ಉದ್ದ, ಓಡಿಸಿದರೆ ವಾರ್ತೆ ಓದಿದಂತಾಗುತ್ತದೆ. ಎಂಟುನೂರು ಎಂಬ ಮೊತ್ತವನ್ನು ಹೇಳಿದ ಮೇಲೆ ಎರಡು ಸೆಕೆಂಡು ಮೌನ ಬಿಟ್ಟಿದ್ದೇನೆ. ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡು. ಚಿತ್ರಿಸಿದ್ದು ಹಳೆ ವಿದ್ಯಾರ್ಥಿಯೊಬ್ಬನ ಫೋನಿನಲ್ಲಿ. ಖರ್ಚಾದದ್ದು ಕಾಲರ್ ಮೈಕಿಗೆ ಕೊಟ್ಟ ಆರುನೂರು ಚಿಲ್ಲರೆ ಮಾತ್ರ.

ನಮಗೆ ಬೇಕಿದ್ದುದು ಒಟ್ಟು ಒಂದೂವರೆ ಲಕ್ಷ. ಪುಸ್ತಕಕ್ಕೆ 72,000, ನಾಲ್ಕು ತೆರೆದ ಕಪಾಟಿಗೆ 38,000, ಬಣ್ಣ, ದೀಪ, ಚಾಪೆಗೆ ಇಪ್ಪತ್ತು ಸಾವಿರ, ಎರಡು ವರ್ಷದ ಪತ್ರಿಕೆಗಳಿಗೂ ಹೊಸ ಪುಸ್ತಕಗಳಿಗೂ ಇನ್ನೊಂದು ಇಪ್ಪತ್ತು ಸಾವಿರ. ವಿಡಿಯೊದಲ್ಲಿ ಕೇಳಿದ್ದು ಪುಸ್ತಕದ ಹಣವನ್ನು ಮಾತ್ರ. ಸಹೋದ್ಯೋಗಿಗಳು ಇದನ್ನು ಬಲವಾಗಿ ವಿರೋಧಿಸಿದರು. ಆದರೆ ಒಂದೂವರೆ ಲಕ್ಷ ಎಂದ ಕೂಡಲೇ ನೋಡುವವರು ಅದು ದೊಡ್ಡವರ ಕೆಲಸವೆಂದು ಬದಿಗೆ ಸರಿಯುತ್ತಾರೆ, ಕೈಲಾದಷ್ಟು ಎಂದರೆ ಎಷ್ಟು ಕೊಟ್ಟರೆ ಮರ್ಯಾದೆ ಎಂದು ಯೋಚಿಸುತ್ತಲೇ ಉಳಿಯುತ್ತಾರೆ ಎಂಬುದನ್ನು ಮೊದಲೆರಡು ವಿಡಿಯೊಗಳು ನನಗೆ ತೋರಿಸಿದ್ದವು. ನವೆಂಬರ್ 14 ಎಂಬ ಗಡುವಿಗೂ ಕಾರಣವಿತ್ತು. ಕನ್ನಡ ಪುಸ್ತಕ ಪ್ರಾಧಿಕಾರವು ರಾಜ್ಯೋತ್ಸವದ ತಿಂಗಳಲ್ಲಿ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುತ್ತದೆ. ಆ ತಿಂಗಳೊಳಗೆ ಹಣ ಕೈಯಲ್ಲಿದ್ದರೆ ಪಟ್ಟಿಯ ಒಂದಷ್ಟು ಪುಸ್ತಕ ಅಗ್ಗವಾಗಿ ಸಿಗುತ್ತಿತ್ತು. ಫೋನ್ ಮಾಡಿ ಗಡುವು ಏಕೆಂದು ಕೇಳಿದವರಿಗೆ ಇದನ್ನೇ ಹೇಳಿದೆವು.

ಹಣ ಸೋರಿಹೋಗುವುದು ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ. ಎರಡನೇ ವಿಡಿಯೊದ ಕೊನೆಯಲ್ಲಿ ಕ್ಯೂಆರ್ ಕೋಡ್ ಹಾಕಿದ್ದೆವು. ನೋಡುವವರ ಕೈಯಲ್ಲಿರುವ ಫೋನಿನಲ್ಲೇ ವಿಡಿಯೊ ಓಡುತ್ತಿದ್ದರೆ ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ಹೇಗೆ ಎಂದು ನಮಗೆ ಆಗ ಹೊಳೆಯಲೇ ಇಲ್ಲ. ಈ ಸಲ ಐಡಿಯನ್ನು ವಾಟ್ಸಾಪ್ ಸಂದೇಶದಲ್ಲಿ ಒಂದೇ ಸಾಲಾಗಿ, ಒತ್ತಿ ಹಿಡಿದು ನಕಲು ಮಾಡಿಕೊಳ್ಳುವಂತೆ ಪ್ರತ್ಯೇಕವಾಗಿ ಕಳಿಸಿದೆವು. ಮೊದಲೆರಡು ಸಲ ಹಣ ಹೋಗುತ್ತಿದ್ದುದು ಒಬ್ಬ ಶಿಕ್ಷಕರ ಸ್ವಂತ ಖಾತೆಗೆ; ಅವರು ಪ್ರಾಮಾಣಿಕರೇ, ಆದರೂ ಪರದೆಯ ಮೇಲೆ ವ್ಯಕ್ತಿಯ ಹೆಸರು ಕಂಡಾಗ ಎಷ್ಟೋ ಜನ ಹಿಂದೆ ಸರಿದಿದ್ದರೆಂದು ಆಮೇಲೆ ತಿಳಿಯಿತು. ಶಾಲೆಯದ್ದು ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಸಹಿಯ ಖಾತೆಯಾದ್ದರಿಂದ ನಮ್ಮ ಫೋನಿನಲ್ಲಿ ಯುಪಿಐ ಆಗಲಿಲ್ಲ. ಬ್ಯಾಂಕಿಗೆ ನಾಲ್ಕು ಸಲ ಅಲೆದು, ಅಂಗಡಿಗಳಿಗೆ ಕೊಡುವಂಥ, ಹಣ ಸ್ವೀಕರಿಸಲು ಮಾತ್ರ ಬರುವ ಐಡಿಯನ್ನು ಶಾಲೆಯ ಹೆಸರಿನಲ್ಲಿ ಮಾಡಿಸಿಕೊಂಡೆವು. ಅದು ಕೈಗೆ ಬರುವವರೆಗೆ ವಿಡಿಯೊ ಹೊರಬಿಡಲಿಲ್ಲ.

ವಿದೇಶದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಹಳೆ ವಿದ್ಯಾರ್ಥಿಯೊಬ್ಬರು ದೊಡ್ಡ ಮೊತ್ತ ಕೊಡಲು ಮುಂದೆ ಬಂದರು. ವಿದೇಶಿ ವಂತಿಗೆ ಕಾಯ್ದೆಯಡಿ ಅವರ ಹಣ ವಿದೇಶಿ ಮೂಲದ್ದಾಗುತ್ತದೆ, ನಮಗೆ ಆ ಅನುಮತಿ ಇಲ್ಲ ಎಂದು ತಿಳಿಸಿ ಬೇಸರದಿಂದಲೇ ಬೇಡವೆಂದೆವು. 80ಜಿ ತೆರಿಗೆ ರಿಯಾಯಿತಿಯ ರಸೀದಿ ಕೇಳಿದವರಿಗೂ ನಮ್ಮಲ್ಲಿ ಇಲ್ಲವೆಂದೇ ಹೇಳಿದೆವು.

ನಡುವೆ ಒಂದು ಪ್ರಯೋಗ ಮಾಡಿದೆ. ಅದೇ ಸ್ಕ್ರಿಪ್ಟನ್ನು ಬೆಂಗಳೂರಿನ ಕಂಪನಿಗಳಲ್ಲಿರುವ ಹಳೆ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷಿನಲ್ಲಿ ಓದಿಸಿ ಕಳಿಸಿದೆ. ಬಂದದ್ದು ಎರಡೋ ಮೂರೋ ಪಾವತಿ. ವಾರದ ನಂತರ ಅದೇ ಗುಂಪಿಗೆ ಕನ್ನಡದ್ದನ್ನು ಕಳಿಸಿದಾಗ ಇಪ್ಪತ್ತು ಮೀರಿತು. ಯಾವ ದಿನ, ಯಾವ ಹೊತ್ತಿಗೆ, ಮೊದಲು ಯಾರ ಕೈಯಿಂದ ಹಂಚಿಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮುಂದಿನ ವರ್ಷ ನಮಗೇ ಬೇಕಾಗುತ್ತದೆ.

ಒಟ್ಟು ನೂರಮೂವತ್ತರಷ್ಟು ಜನ ಕೊಟ್ಟರು, ಹೆಚ್ಚಿನವರು ಸರಿಯಾಗಿ ಎಂಟುನೂರನ್ನೇ. ತೊಂಬತ್ತು ತುಂಬಿದ ದಿನವೇ ಗುಂಪಿನಲ್ಲಿ ಅದನ್ನು ತಿಳಿಸಿ, ಇನ್ನು ಬರುವುದು ಕಪಾಟಿಗೆ ಹೋಗುತ್ತದೆ ಎಂದು ಬರೆದೆವು. ನಾಲ್ಕು ಕಪಾಟಿಗೂ ಸಾಕಾಯಿತು, ಬಣ್ಣ ಮತ್ತು ದೀಪವನ್ನು ಅಧ್ಯಕ್ಷರು ತಾವೇ ವಹಿಸಿಕೊಂಡರು, ಪತ್ರಿಕೆಗಳ ಹಣ ಇನ್ನೂ ಬಾಕಿ ಇದೆ. ಡಿಸೆಂಬರಿನಲ್ಲಿ ಬಿಲ್ಲುಗಳನ್ನೂ ತುಂಬಿದ ಕಪಾಟುಗಳನ್ನೂ ತೋರಿಸುವ ನಲವತ್ತು ಸೆಕೆಂಡಿನ ವಿಡಿಯೊವನ್ನು ಕೊಟ್ಟವರೆಲ್ಲರಿಗೂ ಕಳಿಸಿದೆವು. ಅದರಲ್ಲಿ ಮತ್ತೆ ಹಣ ಕೇಳಲಿಲ್ಲ. ಕೊನೆಯ ದೃಶ್ಯ ಅದೇ ಹುಡುಗಿಯ ಬೆರಳು, ಹೊಸ ವಹಿ, ಅವಳ ಸಾಲಿನಲ್ಲಿ ಆಗಲೇ ಏಳು ಬೇರೆ ಬೇರೆ ಪುಸ್ತಕಗಳು.