ದಾರಿ ತೋರಿಸುವ ಟಿಪ್ಪಣಿಯಿಂದ ವೀಕ್ಷಕ ವಿವರಣೆಗೆ

ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು. ಕೇಳುವವರನ್ನು ಬೆಳಗಿನವರೆಗೆ ಕೂರಿಸುವುದು ಅದರ ಮೇಲೆ ಅರ್ಥಧಾರಿ ಕಟ್ಟುವ ಮಾತು. ವಿಡಿಯೊ ಗೇಮ್ ಮುಗಿಸಲು ನೀವು ಬರೆದಿಟ್ಟುಕೊಂಡ ಹಂತಗಳ ಪಟ್ಟಿಯೂ ಪದ್ಯದಂತೆಯೇ. ಅದನ್ನೇ ಮೈಕ್ ಮುಂದೆ ಓದಿದರೆ ನೋಡುಗರು ಎರಡನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಪಟ್ಟಿ ಆಡುವವನಿಗೆ, ವಿವರಣೆ ನೋಡುವವನಿಗೆ. ಮೊದಲನೆಯವನಿಗೆ ಮುಂದೇನು ಮಾಡಬೇಕೆಂದು ಬೇಗ ತಿಳಿಯಬೇಕು, ಎರಡನೆಯವನಿಗೆ ಸ್ವಲ್ಪ ತಡವಾಗಿ ತಿಳಿಯಬೇಕು.

ಉದಾಹರಣೆಗೆ ವಾಲ್ವ್ ಸಂಸ್ಥೆ 2007ರಲ್ಲಿ ತಂದ, ಒಗಟು ಬಿಡಿಸುತ್ತ ಕೋಣೆಯಿಂದ ಕೋಣೆಗೆ ಸಾಗುವ ‘ಪೋರ್ಟಲ್’ ಗೇಮನ್ನು, ಅದರಲ್ಲೂ 17ನೇ ಪರೀಕ್ಷಾ ಕೋಣೆಯನ್ನು ತೆಗೆದುಕೊಳ್ಳುತ್ತೇನೆ. ಎಚ್ಚರಿಕೆ: ಮೂರು ಮತ್ತು ನಾಲ್ಕನೇ ಪ್ಯಾರಾಗಳಲ್ಲಿ ಆ ಕೋಣೆಯ ಗುಟ್ಟೂ ಆಟದ ಕೊನೆಯ ಕಾಳಗದ ಗುಟ್ಟೂ ಇವೆ. ಆಡದವರು, ಆಡಬೇಕೆಂದಿರುವವರು ಐದನೇ ಪ್ಯಾರಾಕ್ಕೆ ಹೋಗಬಹುದು. ಅಲ್ಲಿಂದ ಮುಂದೆ ಬರುವುದು 17ನೇ ಕೋಣೆಯ ಆರಂಭದ ಸಂಗತಿಗಳು ಮಾತ್ರ.

ಹಂತಗಳ ಪಟ್ಟಿ ಹೀಗಿರುತ್ತದೆ: ಕೊಳವೆಯಿಂದ ಬೀಳುವ, ಹೃದಯದ ಚಿತ್ರವಿರುವ ಪೆಟ್ಟಿಗೆಯನ್ನು ಎತ್ತಿಕೊಳ್ಳಿ, ಅದನ್ನು ಅಡ್ಡ ಹಿಡಿದು ಶಕ್ತಿಯುಂಡೆ ಹಾರಾಡುವ ಓಣಿ ದಾಟಿ, ಅದನ್ನೇ ಮೆಟ್ಟಿಲಾಗಿ ಬಳಸಿ ಮೇಲೆ ಹತ್ತಿ, ಬಟನ್ ಮೇಲಿಡಿ, ಕೊನೆಗೆ ಅದನ್ನು ಬೆಂಕಿಗುಂಡಿಗೆ ಎಸೆಯಿರಿ, ಬಾಗಿಲು ತೆರೆಯುತ್ತದೆ. ಬರೆಯಲು ಕೂರುವ ಮೊದಲು ಇದರ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ. ಪರದೆಯ ಮೇಲೆ ಕಾಣುವುದಕ್ಕೆ ‘ಕಾ’. ಕಾಣದ ಕಾರಣಕ್ಕೆ ‘ಏಕೆ’. ಮುಂದಿನ ಕೋಣೆಗಳಿಗೆ ಸೇರಿದ್ದಕ್ಕೆ ‘ಮುಂ’. ‘ಕಾ’ ಸಾಲುಗಳನ್ನೆಲ್ಲ ಹೊಡೆದುಹಾಕಿ. ಪೆಟ್ಟಿಗೆ ಎತ್ತುವುದು ಕಣ್ಣಿಗೆ ಕಾಣುತ್ತಿರುವಾಗ ‘ಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದೇನೆ’ ಎಂದು ಹೇಳುವುದು ಸಮಯ ಹಾಳು. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹೀಗೆ ಹೋದರೆ ಗಾಬರಿಯಾಗಬೇಡಿ, ಹೋಗಬೇಕಾದದ್ದೇ ಹೋಗಿದೆ.

ಕಷ್ಟವಿರುವುದು ‘ಮುಂ’ ಗುರುತಿನಲ್ಲಿ. ಆಟ ಬಲ್ಲವನ ನಾಲಿಗೆ ತುರಿಸುವುದು ಅಲ್ಲಿಯೇ. 17ನೇ ಕೋಣೆಯ ಬೆಂಕಿಗುಂಡಿ ಬರೀ ಕ್ರೂರ ತಮಾಷೆಯಲ್ಲ, ಅದೊಂದು ಪಾಠ. ಕೊನೆಯಲ್ಲಿ ಗ್ಲಾಡೋಸ್ ಎಂಬ ಯಂತ್ರದಿಂದ ಕಳಚಿ ಬೀಳುವ ಗೋಳಗಳನ್ನು ಇಂಥದೇ ಬೆಂಕಿಗುಂಡಿಗೆ ಹಾಕಬೇಕು, ಅದೂ ಮೊದಲನೆಯದರ ನಂತರದವನ್ನು ವಿಷಾನಿಲ ತುಂಬುತ್ತಿರುವ ಆರು ನಿಮಿಷಗಳೊಳಗೆ. ಪೆಟ್ಟಿಗೆಯನ್ನು ಸುಟ್ಟವನಿಗೆ ಆಗ ಏನು ಮಾಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ನನ್ನ ಮೊದಲ ಕರಡಿನಲ್ಲಿ ‘ಈ ಗುಂಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ’ ಎಂದು ಬರೆದಿದ್ದೆ. ಏನನ್ನೂ ಬಿಟ್ಟುಕೊಟ್ಟಿಲ್ಲ ಎಂದುಕೊಂಡಿದ್ದೆ. ಜೊತೆಗೆ ಕೂತು ನೋಡಿದ ತಂಗಿ, ‘ಹಾಗಾದರೆ ಕೊನೆಗೆ ಯಾರನ್ನೋ ಇದರಲ್ಲೇ ಸುಡುವುದು, ಅಲ್ಲವೇನಣ್ಣ?’ ಎಂದಳು. ‘ನೆನಪಿಟ್ಟುಕೊಳ್ಳಿ’ ಎಂಬ ಒಂದೇ ಪದ ಗುಟ್ಟನ್ನೆಲ್ಲ ಒದರಿಬಿಟ್ಟಿತ್ತು. ಅಂಥ ಸಾಲನ್ನು ಮೆತ್ತಗೆ ಮಾಡಲು ಹೋಗಬೇಡಿ, ಜಾಗವನ್ನೇ ಬದಲಿಸಿ. ಅದೇ ಮಾಹಿತಿಯನ್ನು ಕೊನೆಯ ಕಂತಿಗೆ ಒಯ್ದು, ಮೊದಲ ಗೋಳ ಬೆಂಕಿಗೆ ಬಿದ್ದ ಮೇಲೆ, ‘ಈ ಕೆಲಸ ನಮಗೆ ಹೇಗೆ ಗೊತ್ತಿತ್ತು? 17ನೇ ಕೋಣೆಯಲ್ಲಿ ಆ ಪೆಟ್ಟಿಗೆಯನ್ನು ಸುಟ್ಟದ್ದು ನೆನಪಿದೆಯೇ?’ ಎಂದು ಕೇಳಿ. ಮೊದಲು ಹೇಳಿದರೆ ಗುಟ್ಟು ರಟ್ಟು, ಆಮೇಲೆ ಹೇಳಿದರೆ ಅದೇ ಒಳನೋಟ.

ಜಾಗ ಬದಲಿಸಲಾಗದ ಸಾಲುಗಳೂ ಇರುತ್ತವೆ. ಅವಕ್ಕೆ ಬೇಲಿ ಹಾಕಬೇಕು. ಬೇಲಿಯಲ್ಲಿ ಮೂರು ವಿಷಯಗಳಿರಲಿ: ಗುಟ್ಟು ಎಲ್ಲಿಯದು, ಎಷ್ಟು ದೊಡ್ಡದು, ಎಲ್ಲಿಗೆ ಹಾರಿದರೆ ತಪ್ಪಿಸಿಕೊಳ್ಳಬಹುದು. ‘ಮುಂದಿನ 40 ಸೆಕೆಂಡು ಆಟದ ಕೊನೆಯ ಬಗ್ಗೆ ಮಾತಾಡುತ್ತೇನೆ. ಬೇಡದವರು 6:20ಕ್ಕೆ ಹೋಗಿ’ ಎಂದು ಬಾಯಲ್ಲೂ ಹೇಳಿ, ಪರದೆಯ ಮೇಲೂ ತೋರಿಸಿ. ಹೇಳಿದ ಮೇಲೆ ಮೂರು ಸೆಕೆಂಡು ಸುಮ್ಮನಿರಿ, ಮೊಬೈಲ್ ಕೈಗೆತ್ತಿಕೊಳ್ಳಲು ಅಷ್ಟಾದರೂ ಬೇಕು. ‘ಸ್ಪಾಯ್ಲರ್ ಇದೆ, ಹುಷಾರ್’ ಎಂದು ಆರಂಭದಲ್ಲಿ ಒಮ್ಮೆ ಕೂಗಿ ಕೈತೊಳೆದುಕೊಳ್ಳುವುದು ಬೇಲಿಯಲ್ಲ. ಇಡೀ ವಿಡಿಯೊಗೆ ಒಂದೇ ಎಚ್ಚರಿಕೆ ಎಂದರೆ ನೋಡಬೇಡಿ ಎಂದೇ ಅರ್ಥ.

ಇನ್ನು ಓಟ. ಕನ್ನಡದ ಪದಗಳು ಉದ್ದ, ವಿಭಕ್ತಿ ಕಾಲ ಎಲ್ಲವೂ ಬಾಲಕ್ಕೆ ಅಂಟಿಕೊಂಡು ಬರುತ್ತವೆ. ಹಾಗಾಗಿ ಇಂಗ್ಲಿಷ್ ವಿಡಿಯೊಗಳ ಪದಲೆಕ್ಕ ನಮಗೆ ಹೊಂದುವುದಿಲ್ಲ. ಒಂದು ಪುಟವನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ನನ್ನ ಲೆಕ್ಕ ನಿಮಿಷಕ್ಕೆ ಸುಮಾರು 100 ಪದ. ಐದು ನಿಮಿಷದ ದೃಶ್ಯಕ್ಕೆ 500 ಪದ ಹಿಡಿಸುತ್ತದೆ, ಆದರೆ ನಾನು 300ಕ್ಕೆ ನಿಲ್ಲಿಸುತ್ತೇನೆ. ಮಿಕ್ಕದ್ದು ಆಟದ ಸದ್ದಿಗೆ, ಆಟದಲ್ಲಿ ಮಾತಾಡುವ ಯಂತ್ರವಾದ ಗ್ಲಾಡೋಸ್‌ಳ ವ್ಯಂಗ್ಯಕ್ಕೆ ಮೀಸಲು. ಅವಳು ಮಾತಾಡುವಾಗ ನೀವೂ ಮಾತಾಡಿದರೆ ಇಬ್ಬರದೂ ಕೇಳಿಸುವುದಿಲ್ಲ. ಮೊದಲು ವಿಡಿಯೊ ನೋಡಿ ಅವಳ ಮಾತುಗಳ ಸಮಯ ಗುರುತು ಮಾಡಿಕೊಂಡು, ಉಳಿದ ಖಾಲಿ ಜಾಗಗಳಿಗೆ ಮಾತ್ರ ಬರೆಯಿರಿ.

17ನೇ ಕೋಣೆಯಲ್ಲಿ ಶಕ್ತಿಯುಂಡೆ ಹಾರಾಡುವ ಓಣಿಯ ಭಾಗವನ್ನು ನೋಡಿ. ಪಟ್ಟಿಯಲ್ಲಿದ್ದದ್ದು: ‘ಪೆಟ್ಟಿಗೆಯನ್ನು ಮುಂದೆ ಹಿಡಿದು ನಡೆಯಿರಿ, ಉಂಡೆ ಬಡಿದು ಹಿಂದಿರುಗುತ್ತದೆ.’ ಉತ್ತರ ಮೊದಲೇ ಬಂತು, ನೋಡಲು ಏನೂ ಉಳಿಯಲಿಲ್ಲ. ತಿದ್ದಿದ ಮೇಲೆ ಹೀಗಾಯಿತು:

1:10 – ‘ಈ ಓಣಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಆ ಉಂಡೆ ತಗುಲಿದರೆ ಕಥೆ ಮುಗಿಯಿತು. ನಮ್ಮ ಕೈಯಲ್ಲಿರುವುದೋ ಒಂದೇ ವಸ್ತು.’
1:20 – ಮೌನ. ಉಂಡೆ ಪೆಟ್ಟಿಗೆಗೆ ಬಡಿಯುವ ಸದ್ದು.
1:27 – ‘ಇಲ್ಲಿಯವರೆಗೆ ಪೆಟ್ಟಿಗೆ ಎಂದರೆ ಬಟನ್ ಮೇಲಿಡುವ ಭಾರ. ಈಗ ಗುರಾಣಿ.’

ಮೊದಲು ಇಕ್ಕಟ್ಟು, ಆಮೇಲೆ ಮೌನ, ಕೊನೆಗೆ ಕಾರಣ. ಆ ಏಳು ಸೆಕೆಂಡು ನೋಡುಗ ತಾನೇ ಉತ್ತರ ಹುಡುಕುತ್ತಾನೆ. ಏಳು ಹದಿನೈದಾದರೆ ಬೇಸರ, ಎರಡಾದರೆ ಯೋಚಿಸಲು ಪುರುಸೊತ್ತಿಲ್ಲ. ಎಲ್ಲ ಒಗಟಿಗೂ ಇದೇ ಪಟ್ಟು ಹಾಕಬೇಡಿ. ಮೂರನೇ ಸಲಕ್ಕೆ ನೋಡುಗ ನಿಮ್ಮ ಮೌನವನ್ನೇ ಸುಳಿವೆಂದು ಹಿಡಿಯುತ್ತಾನೆ. ಒಂದು ಕೋಣೆಗೆ ಒಂದು ದೊಡ್ಡ ಇಕ್ಕಟ್ಟು ಸಾಕು. ಮಿಕ್ಕ ಹಂತಗಳನ್ನು ಒಂದೊಂದು ವಾಕ್ಯದಲ್ಲಿ ದಾಟಿಸಿ, ಬರೀ ನಡಿಗೆಯ ಭಾಗವನ್ನು ಕತ್ತರಿಸಿಬಿಡಿ.

ಮುಗಿದ ಬರಹವನ್ನು ವಿಡಿಯೊಗೆ ಜೋಡಿಸಿ ಆಟ ಆಡದವರೊಬ್ಬರಿಗೆ ತೋರಿಸಿ, ಪರದೆಯನ್ನಲ್ಲ, ಅವರ ಮುಖವನ್ನು ನೋಡುತ್ತಿರಿ. ಅವರ ಕಣ್ಣು ಬೇರೆಡೆ ಹೋದ ಹೊತ್ತನ್ನು ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಅಲ್ಲಿ ಉಳಿದುಕೊಂಡ, ಪರದೆಯಲ್ಲಿ ಕಾಣುವುದನ್ನೇ ಹೇಳುವ ಒಂದು ‘ಕಾ’ ಸಾಲು ಸಿಕ್ಕೇ ಸಿಗುತ್ತದೆ. ಮಾತು ಚಿತ್ರಕ್ಕಿಂತ ಹಿಂದೆ ಬಿದ್ದಿದ್ದರೂ ಹೀಗಾಗುತ್ತದೆ. ಆಗ ವೇಗವಾಗಿ ಓದಬೇಡಿ, ಸಾಲನ್ನೇ ಕಡಿಮೆ ಮಾಡಿ.

ಯೂಟ್ಯೂಬ್‌ಗೆ ಹಾಕುವಾಗ ಇನ್ನೊಂದು ಕಡೆ ಗುಟ್ಟು ಸೋರುತ್ತದೆ. ವಿಡಿಯೊದ ಕೆಳಗೆ ಬರೆಯುವ ವಿವರಣೆಯಲ್ಲಿ 00:00ರಿಂದ ಆರಂಭಿಸಿ ಕನಿಷ್ಠ ಮೂರು ಸಮಯಗಳನ್ನು ಕೊಟ್ಟರೆ ಅದು ವಿಡಿಯೊವನ್ನು ಅಧ್ಯಾಯಗಳಾಗಿ ಒಡೆಯುತ್ತದೆ. ಆ ಹೆಸರುಗಳು ವಿಡಿಯೊದ ಅಡಿಯ ಸಮಯದ ಗೆರೆಯ ಮೇಲೆ ಬೆರಳಿಟ್ಟವರಿಗೆಲ್ಲ ಕಾಣುತ್ತವೆ. ಒಳಗೆ ಅಷ್ಟೆಲ್ಲ ಬೇಲಿ ಕಟ್ಟಿ, ಹೊರಗೆ ಕಥೆಯ ತಿರುವನ್ನೇ ಅಧ್ಯಾಯದ ಹೆಸರಾಗಿ ಬರೆದವರನ್ನು ಕಂಡಿದ್ದೇನೆ. ನನ್ನ ಪಟ್ಟಿಯಲ್ಲಿ ಆ ಜಾಗಕ್ಕೆ ಇರುವುದು ಇಷ್ಟೇ: ‘17: ಕೊನೆಯ ಬಾಗಿಲು’.